ಪದಚರ್ಚೆ: ‘ಹಾಟ್ ನಾಡ್ಯೂಲ್’, ‘ಕೋಲ್ಡ್ ನಾಡ್ಯೂಲ್’ಗಳಿಗೆ ಕನ್ನಡದಲ್ಲಿ ಏನೆನ್ನಬೇಕು?

ಶಾಲಿನಿ:
ಥೈರಾಯ್ಡ್ ಸ್ಕ್ಯಾನಿಗೆ ಬರುವವರ ಮಾಹಿತಿಪತ್ರ ನಾಳೆ ಅಚ್ಚಿಗೆ ಹೋಗಬೇಕಿದೆ. ‘ಬಿಸಿ ಗಂಟು’, ‘ತಣ್ಣನೆಯ ಗಂಟು’ ಎಂದು ಬರೆದಿದ್ದೇನೆ. ರಕ್ತದಲ್ಲಿ ಹಾರ್ಮೋನು ಹೆಚ್ಚಿದ್ದರೂ ಕೆಲವರಲ್ಲಿ ಸ್ಕ್ಯಾನಿನ ಮದ್ದನ್ನು ಗ್ರಂಥಿ ಎಳೆದುಕೊಳ್ಳುವ ಪ್ರಮಾಣ, ಅಂದರೆ ‘ಅಪ್‌ಟೇಕ್’ ಕಡಿಮೆ ಇರುತ್ತದೆ ಎಂಬ ವಾಕ್ಯವೂ ಇದೆ. ಅದನ್ನು ‘ಗ್ರಂಥಿ ಮಂದವಾಗಿದೆ’ ಎನ್ನಬಹುದೇ?

ರಾಘವೇಂದ್ರ:
ಮೊದಲು ‘ಥೈರಾಯ್ಡ್’ ಬಿಡಿ. ಗ್ರೀಕ್ ಮೂಲದಲ್ಲಿ ಅದು ಗುರಾಣಿ; ‘ಗುರಾಣಿ ಗ್ರಂಥಿ’ ಸಾಕು. ಬಿಸಿ, ತಣ್ಣನೆ ಎರಡೂ ಅಚ್ಚಗನ್ನಡ. ಬಿಸಿ ಗಂಟೆಂದರೆ ಊದಿ ಉರಿಯುತ್ತಿರುವ ಗಂಟೆಂದು ಯಾರಿಗಾದರೂ ತಿಳಿಯುತ್ತದೆ.

ವಸುಧಾ:
ಹಾಗೆ ತಿಳಿದರೆ ತಪ್ಪಾಗುತ್ತದೆ, ರಾಘವೇಂದ್ರರೇ. ಇಂಥ ಸ್ಕ್ಯಾನುಗಳ ವರದಿ ಬರೆಯುವುದೇ ನನ್ನ ಕೆಲಸ. ಗ್ರಂಥಿ ಅಯೋಡಿನ್‌ನಂತೆಯೇ ಹೀರಿಕೊಳ್ಳುವ, ವಿಕಿರಣ ಸೂಸುವ ಟೆಕ್ನೀಷಿಯಂ ಚುಚ್ಚುಮದ್ದು ಕೊಟ್ಟು ಸುಮಾರು 20 ನಿಮಿಷದ ನಂತರ ಚಿತ್ರ ತೆಗೆದಾಗ, ಸುತ್ತಲಿನ ಭಾಗಕ್ಕಿಂತ ಹೆಚ್ಚು ಹೀರಿದ ಗಂಟು ಹಾಟ್, ಹೀರದ್ದು ಕೋಲ್ಡ್. ಶಾಖಕ್ಕೂ ಇದಕ್ಕೂ ಸಂಬಂಧವಿಲ್ಲ.

ಥೈರಾಯ್ಡಿಗೆ ಕೆಲಸ ಮಾಡೆಂದು ಹೇಳುವ ಟಿಎಸ್ಎಚ್ ತೀರಾ ಕುಗ್ಗಿ, ಹಾರ್ಮೋನು ಏರಿದ ಒಬ್ಬರ ಚಿತ್ರದಲ್ಲಿ ಬಲಗಡೆಯ ಗಂಟು ಮಾತ್ರ ದಟ್ಟವಾಗಿ ಕಂಡು, ಎಡಭಾಗ ಇಲ್ಲವೇ ಇಲ್ಲವೇನೋ ಎಂಬಂತಿತ್ತು ಎಂದುಕೊಳ್ಳಿ. ಎಡಭಾಗಕ್ಕೆ ರೋಗವಿಲ್ಲ. ಗಂಟು ಯಾರ ಅಪ್ಪಣೆಗೂ ಕಾಯದೆ ಹಾರ್ಮೋನು ಸುರಿಸುತ್ತಿರುವುದರಿಂದ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಟಿಎಸ್ಎಚ್ ಕಳಿಸುವುದನ್ನು ನಿಲ್ಲಿಸಿದೆ, ಅದಿಲ್ಲದೆ ಆರೋಗ್ಯವಂತ ಭಾಗ ಸುಮ್ಮನಾಗಿದೆ. ಗ್ರೇವ್ಸ್ ರೋಗದಲ್ಲಾದರೆ ಪ್ರತಿಕಾಯಗಳು ಇಡೀ ಗ್ರಂಥಿಯನ್ನೇ ಕೆರಳಿಸುವುದರಿಂದ ಅದು ಸಾಮಾನ್ಯವಾಗಿ ಎಲ್ಲೆಡೆ ಒಂದೇ ಸಮನಾಗಿ ಹೀರುತ್ತದೆ.

ಶಾಲಿನಿಯವರ ವಾಕ್ಯ ಥೈರಾಯ್ಡೈಟಿಸ್‌ನದು, ಅಂದರೆ ಥೈರಾಯ್ಡಿನ ಉರಿಯೂತದ್ದು. ಅಲ್ಲಿ ಗ್ರಂಥಿ ಹಾನಿಗೊಂಡು ಹಿಂದೆ ಕೂಡಿಟ್ಟಿದ್ದ ಹಾರ್ಮೋನು ಸೋರುತ್ತದೆ; ಹೊಸದು ತಯಾರಾಗುತ್ತಿಲ್ಲ, ಆದ್ದರಿಂದ ಹೀರಿಕೆಯೂ ಇಲ್ಲ. ತಯಾರಿಕೆ ತಡೆಯುವ ಮಾತ್ರೆಯಿಂದ ಇಲ್ಲಿ ಪ್ರಯೋಜನವಿಲ್ಲ. ‘ಮಂದ’ ಎಂದರೆ ಹಾರ್ಮೋನು ಕೊರತೆ ಎಂದು ಓದುಗರು ತಿಳಿದುಕೊಂಡಾರು. ‘ಹೀರಿಕೆ ಕಡಿಮೆ’ ಎನ್ನಿ. ಇತ್ತೀಚೆಗೆ ಅಯೋಡಿನ್ ಬಣ್ಣ ಕೊಟ್ಟು ಸಿಟಿ ಸ್ಕ್ಯಾನ್ ಮಾಡಿಸಿದ್ದರೂ ಹೀರಿಕೆ ಕುಗ್ಗುತ್ತದೆ, ಅದನ್ನು ಮೊದಲೇ ತಿಳಿಸುವಂತೆ ಪತ್ರದಲ್ಲಿ ಸೇರಿಸಿ.

ಗಿರೀಶ:
ನನ್ನ ವರದಿಯಲ್ಲಿ ‘ಕೋಲ್ಡ್’ ಎಂದಿತ್ತು. ತಣ್ಣಗಿದೆ ಎಂದರೆ ತೊಂದರೆಯಿಲ್ಲ ಎಂದುಕೊಂಡು ಸೂಜಿ ಪರೀಕ್ಷೆಯನ್ನು ತಿಂಗಳುಗಟ್ಟಲೆ ಮುಂದೂಡಿದೆ. ಆದ್ದರಿಂದ ‘ಅಪಾಯದ ಗಂಟು’ ಎಂದೇ ಬರೆಯಬೇಕು.

ವಸುಧಾ:
ಹಾಗೆ ಬರೆಯಬಾರದು, ಗಿರೀಶರೇ. ಹೀರದ ಗಂಟುಗಳಲ್ಲೂ ಹೆಚ್ಚಿನವು ನಿರಪಾಯಕಾರಿ. ಹೀರುವ ಗಂಟಿನಲ್ಲಿ ಕ್ಯಾನ್ಸರ್ ಬಲು ಅಪರೂಪ, ಹೀರದ್ದರಲ್ಲಿ ಅಷ್ಟು ಅಪರೂಪವಲ್ಲ, ವ್ಯತ್ಯಾಸ ಇಷ್ಟೇ. ಸೂಜಿ ಬೇಕೇ ಎಂಬುದನ್ನು ಅಲ್ಟ್ರಾಸೌಂಡಿನಲ್ಲಿ ಕಂಡ ರೂಪ, ಗಾತ್ರ ನೋಡಿ ನಿರ್ಧರಿಸುತ್ತಾರೆ. ‘ಹೀರುವ ಗಂಟು’, ‘ಹೀರದ ಗಂಟು’ ಎಂದರೆ ಕಂಡದ್ದನ್ನಷ್ಟೇ ಹೇಳಿದಂತಾಗುತ್ತದೆ.

ರಾಘವೇಂದ್ರ:
ಒಪ್ಪುವುದಿಲ್ಲ. ವರದಿಯಲ್ಲಿ ‘ಹಾಟ್’ ಎಂದು ಅಚ್ಚಾಗಿರುವಾಗ ರೋಗಿ ಎರಡನ್ನೂ ಹೇಗೆ ಹೊಂದಿಸಿಕೊಳ್ಳಬೇಕು? ಅಲ್ಲದೆ ‘ಪಿಟ್ಯುಟರಿ’, ‘ಥೈರಾಯ್ಡೈಟಿಸ್’ಗಳನ್ನು ಹಾಗೆಯೇ ಬಿಟ್ಟು ಒಂದು ಗಂಟನ್ನು ಮಾತ್ರ ಕನ್ನಡಿಸುವುದು ಯಾವ ನೀತಿ?

ಶಾಲಿನಿ:
ಮೊದಲ ಸಲ ‘ಹೀರುವ ಗಂಟು, ವರದಿಯಲ್ಲಿ ಹಾಟ್’ ಎಂದು ಬರೆದು, ಮುಂದೆ ಕನ್ನಡವನ್ನೇ ಉಳಿಸುತ್ತೇನೆ. ಆದರೆ ಸುತ್ತಲಿನ ಭಾಗದಷ್ಟೇ ಹೀರುವ ಗಂಟಿಗೆ ‘ವಾರ್ಮ್’ ಎಂದಿದ್ದಾರೆ. ಅದಕ್ಕೇನು ಬರೆಯಲಿ?