ಗಣಪತಿ ಹಬ್ಬ ಮುಗಿದ ಮೇಲೆ ವ್ಯೂಸ್ ಅರ್ಧಕ್ಕಿಂತ ಕೆಳಗೆ

ಪುಣೆಯಿಂದ ಪ್ರಶ್ನೆ (ಸೆಪ್ಟೆಂಬರ್ 2025): ನನ್ನದು ಅಡುಗೆ ಚಾನೆಲ್. ಹಬ್ಬದ ವಾರ ದಿನಕ್ಕೆ 4,000 ವ್ಯೂಸ್ ಇತ್ತು, ಈಗ 1,800. ಹೋದ ವರ್ಷದ ಇದೇ ತಾರೀಖಿಗೆ ಹೋಲಿಸಿದರೆ ಇನ್ನೂ ಭಯ ಆಗುತ್ತೆ. ಸೀಸನ್ನಾ, ಯೂಟ್ಯೂಬ್ ಏನಾದ್ರೂ ಬದಲಿಸಿತಾ, ಚಾನೆಲ್ಲೇ ಕೆಟ್ಟಿತಾ?

ಥಾಣೆ: ಯೂಟ್ಯೂಬ್‌ದೇ ಕೆಲಸ ಅಕ್ಕ. ಆಗಸ್ಟ್ ಮಧ್ಯದಿಂದ ಎಷ್ಟೋ ಜನರಿಗೆ ವ್ಯೂಸ್ ಬಿದ್ದಿದೆ.

ಮಡಗಾಂವ್: ನನಗೆ ಉಲ್ಟಾ. ಮಾರ್ಚ್ 31ರಿಂದ ಶಾರ್ಟ್ಸ್ ಎಣಿಸುವ ರೀತಿ ಬದಲಾಯ್ತು. ವ್ಯೂಸ್ ಏರಿತು, ದುಡ್ಡು ಮಾತ್ರ ಅಷ್ಟೇ.

ಡೊಂಬಿವಿಲಿ: ಥಾಣೆಯವರು ಹೇಳಿದ್ದು ಸುಳ್ಳಲ್ಲ. ಆದರೆ ಆಗಸ್ಟ್‌ನಲ್ಲಿ ಬಿದ್ದಿದ್ದು ಮುಖ್ಯವಾಗಿ ಕಂಪ್ಯೂಟರಿನಲ್ಲಿ ನೋಡುವವರ ಲೆಕ್ಕ. ಅಕ್ಕ, ಯೂಟ್ಯೂಬ್ ಅನಾಲಿಟಿಕ್ಸ್‌ನಲ್ಲಿ Device type ತೆಗೆದು ನೋಡಿ. ಮೊಬೈಲ್‌ನಲ್ಲೂ ಅಷ್ಟೇ ಬಿದ್ದಿದ್ದರೆ ಕಾರಣ ಬೇರೆ.

ಇನ್ನೊಂದು, ತಾರೀಖು ಹೋಲಿಸಬೇಡಿ, ಹಬ್ಬ ಹೋಲಿಸಿ. ಹೋದ ವರ್ಷ ಚೌತಿ ಸೆಪ್ಟೆಂಬರ್ 7ಕ್ಕೆ, ಈ ಸಲ ಆಗಸ್ಟ್ 27ಕ್ಕೆ. 11 ದಿನ ಹಿಂದೆ ಬಂದಿದೆ. ಹೋದ ವರ್ಷ ಸೆಪ್ಟೆಂಬರ್ 10ರಂದು ಊರೆಲ್ಲ ಮೋದಕ ಹುಡುಕುತ್ತಿತ್ತು, ಈ ವರ್ಷ ಅಷ್ಟು ಹೊತ್ತಿಗೆ ವಿಸರ್ಜನೆಯೇ ಆಗಿಹೋಗಿತ್ತು. ಈ ಸೆಪ್ಟೆಂಬರ್ 8–14ನ್ನು ಹೋದ ವರ್ಷದ 19–25ರ ಪಕ್ಕ ಇಡಿ. ಕೊನೆಯ ಎರಡು ದಿನದ ಅಂಕಿ ಪೂರ್ತಿ ಬಂದಿರೋದಿಲ್ಲ, ಅದನ್ನು ಬಿಟ್ಟು ನೋಡಿ.

ಪುಣೆ: ನೋಡಿದೆ ಅಣ್ಣ. ಮೊಬೈಲ್‌ನಲ್ಲೂ ಬಿದ್ದಿದೆ. ಹಬ್ಬಕ್ಕೆ ಹೊಂದಿಸಿದರೆ ಹೋದ ವರ್ಷ ದಿನಕ್ಕೆ 2,300, ಈಗ 1,800.

ಡೊಂಬಿವಿಲಿ: ಹಾಗಾದರೆ ಇಳಿತದ ಬಹುಪಾಲು ಹಬ್ಬದ್ದೇ. ಹೋದ ವರ್ಷವೂ ಹೀಗೇ ಇಳಿದಿತ್ತು ಅಲ್ವಾ? ಹುಡುಕಬೇಕಾದ್ದು ಆ 500 ಮಾತ್ರ. ಅದೇ ಎರಡು ವಾರ ಇಟ್ಟುಕೊಂಡು ಒಂದೊಂದು ವಿಡಿಯೋದ ವ್ಯೂಸ್ ನೋಡಿ. ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಹೋಗಿದ್ದರೆ ಒಂದು ಮಾತು, ಒಂದರಲ್ಲೇ ಹೋಗಿದ್ದರೆ ಇನ್ನೊಂದು.

ಪುಣೆ: ಒಂದರಲ್ಲೇ! ಜೋಳದ ರೊಟ್ಟಿ ಉಬ್ಬಿಸೋ ಹಳೇ ವಿಡಿಯೋ. 520 ಇದ್ದಿದ್ದು 110. ಬಿದ್ದಿರೋದೆಲ್ಲ YouTube search ಸಾಲಿನಲ್ಲಿ. ಇಂಪ್ರೆಷನ್ ಕುಸಿದಿದೆ, ಕ್ಲಿಕ್ ಆಗುವ ಪ್ರಮಾಣ ಹಾಗೇ ಇದೆ.

ಡೊಂಬಿವಿಲಿ: ಹಾಗಾದರೆ ಥಂಬ್‌ನೇಲ್ ಬದಲಿಸಬೇಡಿ, ತಪ್ಪು ಅದರದಲ್ಲ. ಕಂಡವರು ಮುಂಚಿನಷ್ಟೇ ಒತ್ತುತ್ತಿದ್ದಾರೆ, ಕಾಣುವುದೇ ಕಡಿಮೆಯಾಗಿದೆ. ಲಾಗಿನ್ ಇಲ್ಲದ ಬ್ರೌಸರ್‌ನಲ್ಲಿ "ಜೋಳದ ರೊಟ್ಟಿ" ಅಂತ ಹುಡುಕಿ, ನಿಮ್ಮದು ಎಷ್ಟನೆಯದು ನೋಡಿ.

ಪುಣೆ: ಒಂಬತ್ತನೆಯದು. ಮೇಲೆ ಎರಡು ಹೊಸ ವಿಡಿಯೋ ಕೂತಿವೆ.

ಥಾಣೆ: ಹುಡುಕುವವರೇ ಕಡಿಮೆ ಆಗಿರಬಹುದಲ್ವಾ?

ಡೊಂಬಿವಿಲಿ: ಆಗಿರಬಹುದು. ಗೂಗಲ್ ಟ್ರೆಂಡ್ಸ್‌ನಲ್ಲಿ YouTube Search ಆರಿಸಿ ನೋಡಬಹುದು, ಆದರೆ ಇಂಥ ಚಿಕ್ಕ ಕನ್ನಡ ಪದಕ್ಕೆ ಗೆರೆ ಬರೋದೇ ಕಷ್ಟ. ನಾನಾಗಿದ್ದರೆ ರೊಟ್ಟಿ ಬಿರಿಯದ ಹಾಗೆ ಹಿಟ್ಟು ನಾದುವುದನ್ನೇ ತೋರಿಸಿ ಹೊಸದೊಂದು ವಿಡಿಯೋ ಮಾಡುತ್ತಿದ್ದೆ. ಹಳೆಯದನ್ನು ಅಳಿಸಬೇಡಿ, ಅಕ್ಕ.