ಪದಚರ್ಚೆ: ಗಾಲ್ಫ್ ಚೆಂಡಿನ ‘ಲೋ ಕಂಪ್ರೆಷನ್’ಗೆ ಕನ್ನಡದಲ್ಲಿ ಏನನ್ನೋಣ? (ಸಂಜೆ ಐದಕ್ಕೆ ಪ್ರಿಂಟ್)

ಚಿಕ್ಕಬಳ್ಳಾಪುರದಿಂದ, ಅನುವಾದಕಿ

ಎಲ್ಲರಿಗೂ ನಮಸ್ಕಾರ. ನಂದಿ ಬೆಟ್ಟದ ಈಚೆ ಗಾಲ್ಫ್ ಪ್ರಾಕ್ಟೀಸ್ ಮಾಡುವ ಜಾಗ ಒಂದಿದೆ. ಚೆಂಡು ಮಾರುವ ಕೌಂಟರ್ ಪಕ್ಕ ಕನ್ನಡದಲ್ಲೂ ಒಂದು ಬೋರ್ಡ್ ಬೇಕಂತೆ. ಓದುವವರು ಸುತ್ತಮುತ್ತಲ ಹಳ್ಳಿಯ ಕ್ಯಾಡಿ ಹುಡುಗರು, ರಿಟೈರ್ ಆದ ಮೇಲೆ ಕಲಿಯಲು ಬರುವವರು. ಇಂಗ್ಲಿಷ್ ನೋಡಿಕೊಂಡು ಹೀಗೆ ಮಾಡಿದ್ದೇನೆ:

“ನಿಧಾನವಾಗಿ ಬೀಸುವವರಿಗೆ ಕಡಿಮೆ ಸಂಕೋಚನದ ಚೆಂಡು ಸೂಕ್ತ. ಇದು ಹೆಚ್ಚು ದೂರ ಹೋಗುತ್ತದೆ, ಇದರ ಭ್ರಮಣ ಕಡಿಮೆ. ಹೊಂಡಗಳು ಹೆಚ್ಚಿದಷ್ಟೂ ದೂರ ಹೆಚ್ಚು.”

‘ಹೊಂಡ’ ಅಂದಾಗ ನನಗೇ ನಮ್ಮ ಬಿ.ಬಿ. ರೋಡ್ ನೆನಪಾಗುತ್ತದೆ. ದಯವಿಟ್ಟು ಬೇಗ ಹೇಳಿ.

ಬಾಗೇಪಲ್ಲಿ ಮೇಷ್ಟ್ರು

ಸಂಕೋಚನ, ಭ್ರಮಣ ಎರಡನ್ನೂ ಕಿತ್ತು ಹಾಕಿ. ‘ಅಮುಕು’ ಇದೆಯಲ್ಲ. ‘ಕಡಿಮೆ ಅಮುಕಿನ ಚೆಂಡು’. ಸ್ಪಿನ್ನಿಗೆ ‘ಗಿರಕಿ’. ಡಿಂಪಲ್ಲಿಗೆ ‘ಕುಳಿ’, ಹಳಗನ್ನಡದಲ್ಲಿ ಕುೞಿ. ಹೊಂಡ ಅಂದರೆ ನೀರು ನಿಲ್ಲುವ ಕಡೆ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಕೆಜಿಎಫ್‌ನಿಂದ, ಗಾಲ್ಫ್ ಹೇಳಿಕೊಡುವವನು

ಚರ್ಚೆಗೆ ಇದೆ ಮೇಷ್ಟ್ರೇ. ‘ಕಡಿಮೆ ಅಮುಕಿನ ಚೆಂಡು’ ಅಂತ ಓದಿದ ಹುಡುಗ ಏನಂದುಕೊಳ್ಳುತ್ತಾನೆ? ಅಮುಕಿದರೆ ಕಡಿಮೆ ಒಳಗೆ ಹೋಗುವ ಚೆಂಡು, ಅಂದರೆ ಗಟ್ಟಿ ಚೆಂಡು. ವಿಷಯ ಪೂರ್ತಿ ಉಲ್ಟಾ. ಇಲ್ಲಿ ಕಂಪ್ರೆಷನ್ ಅನ್ನುವುದು ಚೆಂಡು ಎಷ್ಟು ಅಮುಕುತ್ತದೆ ಅನ್ನುವ ಲೆಕ್ಕ ಅಲ್ಲ, ಅಮುಕಿದಾಗ ಎಷ್ಟು ತಡೆಯುತ್ತದೆ ಅನ್ನುವ ಲೆಕ್ಕ. ನಂಬರ್ 40ರ ಹತ್ತಿರ ಇದ್ದರೆ ಮೆತ್ತಗೆ, 90–100 ಇದ್ದರೆ ಗಟ್ಟಿ. ‘ಕಡಿಮೆ ಸಂಕೋಚನ’ಕ್ಕೂ ಇದೇ ತೊಂದರೆ. ಇನ್ನೊಂದು ಮಾತು, ಈ ನಂಬರನ್ನು ಗಾಲ್ಫ್ ನಿಯಮದವರು ಕಟ್ಟಿಟ್ಟದ್ದಲ್ಲ. ತೂಕಕ್ಕೆ ಮಿತಿ ಇದೆ, 45.93 ಗ್ರಾಂ ದಾಟಬಾರದು. ಕಂಪ್ರೆಷನ್ನಿಗೆ ಅಂಥ ಮಿತಿ ಇಲ್ಲ. ಅಳೆಯುವ ರೀತಿಯೂ ಕಂಪನಿಯಿಂದ ಕಂಪನಿಗೆ ಬೇರೆ. ಒಬ್ಬರ 60, ಇನ್ನೊಬ್ಬರ 60 ಒಂದೇ ಅಂತ ಲೆಕ್ಕ ಹಾಕಬೇಡಿ.

ಮೈದಾನದಲ್ಲಿ ನಾವು ಸುಮ್ನೆ ‘ಮೆತ್ತನೆ ಬಾಲು’, ‘ಗಟ್ಟಿ ಬಾಲು’ ಅಂತೀವಿ. ಬೋರ್ಡಿಗೆ ಅದೇ ಸಾಕು.

ಪದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಮೆತ್ತನೆ ಚೆಂಡು ‘ಹೆಚ್ಚು ದೂರ ಹೋಗುತ್ತದೆ’ ಅನ್ನುವುದೇ ಅರ್ಧ ನಿಜ. ಆಮೇಲೆ ಬರೆಯುತ್ತೇನೆ, ಕ್ಲಾಸ್ ಇದೆ.

ಕೋಲಾರದಿಂದ

ಸ್ಪಿನ್ ಅಂದರೆ ಸ್ಪಿನ್. ಚಿನ್ನಸ್ವಾಮಿಯಲ್ಲಿ ಮ್ಯಾಚ್ ನೋಡುವ ಅಜ್ಜಿಗೂ ಗೊತ್ತು. ಆದರೆ ಸ್ಪಿನ್ ಕಡಿಮೆ ಆದರೆ ಒಳ್ಳೇದು ಅಂತ ಯಾಕೆ ಹೇಳುತ್ತಾರೆ? ಪಿಚ್ಚಿಗೆ ಬಿದ್ದ ಮೇಲೆ ತಿರುಗಬೇಕಲ್ವಾ?

ಶಿಡ್ಲಘಟ್ಟದಿಂದ

ಈ ಕಂಪ್ರೆಷನ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಗೊತ್ತಾದರೆ ಪದವೂ ಸಿಗಬಹುದು. ಹಳೇ ಗಾಲ್ಫ್ ಚೆಂಡಿನೊಳಗೆ ರಬ್ಬರ್ ದಾರ ಸುತ್ತಿರುತ್ತಿತ್ತು ಅಂತ ಕೇಳಿದ್ದೇನೆ. ನಮ್ಮ ಫಿಲೇಚರಿನಲ್ಲಿ ನೂಲಿನ ಬಿಗಿ ಹೆಚ್ಚುಕಡಿಮೆ ಆದರೆ ಲಡಿ ಮುಟ್ಟಿದ ಕೂಡಲೇ ತಿಳಿಯುತ್ತದೆ. ಇದೂ ಹಾಗೇನಾ? ಹಾಗಿದ್ದರೆ ‘ಬಿಗಿ’ ಅನ್ನಬಹುದಲ್ಲ. ಕಡಿಮೆ ಬಿಗಿಯ ಚೆಂಡು, ಹೆಚ್ಚು ಬಿಗಿಯ ಚೆಂಡು. ಅರ್ಥ ಉಲ್ಟಾ ಆಗುವುದಿಲ್ಲ.

ಬಾಗೇಪಲ್ಲಿ ಮೇಷ್ಟ್ರು

ದಾರ ಹೋದ ಮೇಲೆ ಬಿಗಿ ಎಲ್ಲಿಂದ? ಒಪ್ಪುವುದಿಲ್ಲ.

ತುಮಕೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ಪದದ ವಿಷಯ ನನಗೆ ಗೊತ್ತಿಲ್ಲ, ನನ್ನ ಸಮಸ್ಯೆ ಕೇಳಿ. ವಯಸ್ಸು 67. ಅಂಗಡಿಯಲ್ಲಿ “ನಿಮ್ಮ ಬೀಸಿಗೆ ಗಟ್ಟಿ ಚೆಂಡು ಅಮುಕುವುದೇ ಇಲ್ಲ, ಮೆತ್ತನೇದು ತಗೊಳ್ಳಿ, ದೂರ ಹೋಗುತ್ತದೆ” ಅಂದರು. ತಗೊಂಡೆ. ದೂರ ಹೊಡೆಯುವ ಕ್ಲಬ್ ಡ್ರೈವರ್, ಅದರಲ್ಲಿ ಚೆಂಡು ಮೊದಲಿಗಿಂತ ನೆಟ್ಟಗೆ ಹೋಗುತ್ತಿದೆ, ನಿಜ. ಆದರೆ ದೂರ ಹೆಚ್ಚಿದ್ದು ಕಾಣಲಿಲ್ಲ. ಗ್ರೀನ್, ಅಂದರೆ ಹೋಲಿನ ಸುತ್ತ ಸಣ್ಣಗೆ ಕತ್ತರಿಸಿದ ಹುಲ್ಲು, ಅದರ ಮೇಲೆ ಬಿದ್ದರೆ ನಿಲ್ಲುವುದೂ ಇಲ್ಲ, ಉರುಳಿ ಹಿಂದಿನ ಹುಲ್ಲಿಗೆ ಹೋಗುತ್ತದೆ. ಚೆಂಡಿನ ದೋಷವೋ ನನ್ನದೋ?

ಕೆಜಿಎಫ್‌ನಿಂದ

ಸರ್, ನಿಮ್ಮ ಕೇಸನ್ನೇ ತಗೊಳ್ಳುತ್ತೇನೆ. ಬೋರ್ಡಿನ ಎರಡನೇ ವಾಕ್ಯ ಯಾಕೆ ಸರಿ ಇಲ್ಲ ಅಂತ ಇದರಲ್ಲೇ ಇದೆ.

ಮೊದಲು ‘ಅಮುಕುವುದೇ ಇಲ್ಲ’ ಅನ್ನುವ ಮಾತು ಬಿಡಿ. ಯಾರು ಹೊಡೆದರೂ ಯಾವ ಚೆಂಡಾದರೂ ಅಮುಕುತ್ತದೆ. ಕ್ಲಬ್ಬಿಗೂ ಚೆಂಡಿಗೂ ಸೋಕುವ ಹೊತ್ತು ಒಂದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟರಲ್ಲೇ ಅಮುಕಿ, ವಾಪಸ್ ಉಬ್ಬಿ ಹಾರಿರುತ್ತದೆ. ಜೋರಾಗಿ ಹೊಡೆದರೆ ಜಾಸ್ತಿ, ಮೆಲ್ಲಗೆ ಹೊಡೆದರೆ ಕಡಿಮೆ, ಅಷ್ಟೇ.

ನಿಮ್ಮ ವಯಸ್ಸಿನವರ ಡ್ರೈವರ್ ತಲೆ ಸಾಮಾನ್ಯವಾಗಿ ಗಂಟೆಗೆ 120 ಕಿ.ಮೀ. ಆಸುಪಾಸಿನಲ್ಲಿ ಬರುತ್ತದೆ ಅಂದುಕೊಳ್ಳಿ. ಚೆನ್ನಾಗಿ ನಡುವಿಗೆ ಸಿಕ್ಕಿದರೆ ಚೆಂಡು 170ರ ಮೇಲೆ ಹೊರಡುತ್ತದೆ. ಈ ವೇಗದಲ್ಲಿ ಮೆತ್ತನೆ ಚೆಂಡಿಗೂ ಗಟ್ಟಿ ಚೆಂಡಿಗೂ ಹೊರಡುವ ವೇಗದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಜೋರಾಗಿ ಬೀಸುವವರಿಗೆ ಮೆತ್ತನೇದರಲ್ಲಿ ನಷ್ಟ ಇದೆ. ನಿಮಗೆ ಆ ನಷ್ಟ ಇಲ್ಲ. ‘ನಷ್ಟ ಇಲ್ಲ’ ಅನ್ನುವುದನ್ನೇ ಅಂಗಡಿಯವರು ‘ಲಾಭ ಇದೆ’ ಅಂತ ಮಾರುತ್ತಾರೆ.

ನೆಟ್ಟಗೆ ಹೋಗಿದ್ದು ಸ್ಪಿನ್ ಕಡಿಮೆ ಆದ ಗುಣ. ನೀವು ತಗೊಂಡಿದ್ದು ಎರಡು ಪದರದ ಚೆಂಡು ಇರಬೇಕು. ಒಳಗೆ ಮೆತ್ತನೆ ರಬ್ಬರ್ ಗುಂಡು, ಮೇಲೆ ಅಯಾನೊಮರ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಸಿಪ್ಪೆ. ಒಳಗೆ ಮೆತ್ತಗೆ, ಹೊರಗೆ ಗಟ್ಟಿ ಇದ್ದರೆ ಡ್ರೈವರಿಗೆ ಸ್ಪಿನ್ ಕಡಿಮೆ. ಬಲಕ್ಕೆ ಬಾಗುವ ಹೊಡೆತವಿದ್ದರೆ ಆ ಬಾಗೂ ಕಡಿಮೆ. ಆದರೆ ಗಾಲ್ಫಿನಲ್ಲಿ ಚೆಂಡನ್ನು ಮೇಲೆ ಎತ್ತಿ ಹಿಡಿಯುವುದೂ ಸ್ಪಿನ್ನೇ. ಹಿಂದಕ್ಕೆ ತಿರುಗುತ್ತಾ ಹೋಗುವುದರಿಂದಲೇ ಗಾಳಿ ಅದನ್ನು ಎತ್ತುತ್ತದೆ. (ಕೋಲಾರದವರಿಗೆ: ನಾವು ಹೇಳುತ್ತಿರುವುದು ಈ ತಿರುಗು, ಪಕ್ಕದ ತಿರುಗಲ್ಲ.) ನಿಧಾನ ಬೀಸಿನಲ್ಲಿ ಸ್ಪಿನ್ ತೀರಾ ಕಡಿಮೆ ಆಗಿ, ಚೆಂಡು ತಗ್ಗಾಗಿಯೂ ಹೊರಟರೆ, ನಡುದಾರಿಯಲ್ಲೇ ಕೆಳಗೆ ಬೀಳುತ್ತದೆ. ನಿಮ್ಮ ಡ್ರೈವರ್ ಮುಖದ ವಾಲು 9 ಡಿಗ್ರಿಯದಾಗಿದ್ದರೆ ಚೆಂಡು ಬದಲಿಸುವ ಮೊದಲು 12 ಡಿಗ್ರಿಯದನ್ನು ಒಮ್ಮೆ ಹೊಡೆದು ನೋಡಿ.

ಗ್ರೀನ್ ಮೇಲೆ ನಿಲ್ಲದೆ ಇರುವುದಕ್ಕೆ ಮುಖ್ಯ ಕಾರಣ ಸಿಪ್ಪೆ. ಮೂರು ಪದರದ ಚೆಂಡಿನ ಮೇಲಿನ ಯುರೇಥೇನ್ ಸಿಪ್ಪೆ ತೆಳು, ಮೆತ್ತಗೆ. ಅದರ ಕೆಳಗಿನ ಪದರ ಗಟ್ಟಿ. ಹತ್ತಿರದ ಹೊಡೆತಕ್ಕೆ ಬಳಸುವ ಕ್ಲಬ್ಬಾದ ವೆಡ್ಜಿನ ಮುಖದ ಗೀರುಗಳು ಆ ಸಿಪ್ಪೆಯನ್ನು ಕಚ್ಚಿ ಹಿಡಿಯುತ್ತವೆ, ಹಾಗಾಗಿ ಸ್ಪಿನ್ ಸಿಗುತ್ತದೆ. ಅಯಾನೊಮರ್ ಮೇಲೆ ಗೀರುಗಳು ಅಷ್ಟು ಕಚ್ಚುವುದಿಲ್ಲ, ಜಾರುತ್ತವೆ. 40 ಗಜದಿಂದ ಒಂದೇ ವೆಡ್ಜಿನಲ್ಲಿ ಎರಡೂ ಚೆಂಡು ಹೊಡೆದು ನೋಡಿ. ಒಂದು ಬಿದ್ದು, ಒಮ್ಮೆ ಪುಟಿದು ನಿಲ್ಲುತ್ತದೆ. ಇನ್ನೊಂದು ಹಲವು ಹೆಜ್ಜೆ ಉರುಳುತ್ತದೆ. ಡ್ರೈವರಿನಲ್ಲಿ ಕಾಣದ ವ್ಯತ್ಯಾಸ ಇಲ್ಲಿ ಕಣ್ಣಿಗೆ ಹೊಡೆಯುತ್ತದೆ. ಅದಕ್ಕೇ ಚೆಂಡು ಆರಿಸುವಾಗ ಗ್ರೀನ್ ಹತ್ತಿರ ಶುರು ಮಾಡಿ, ಡ್ರೈವರ್ ಕೊನೆಗೆ.

ಒಳಗೆ ಮೆತ್ತಗೆ ಇದ್ದು ಮೇಲೆ ಯುರೇಥೇನ್ ಇರುವ ಚೆಂಡುಗಳೂ ಸಿಗುತ್ತವೆ. ಬೆಲೆ ಜಾಸ್ತಿ. ಇನ್ನೂ ಊರೆಲ್ಲಾ ಚೆಂಡು ಕಳೆಯುವ ಹಂತದಲ್ಲಿದ್ದರೆ ನಾನೇ ಬೇಡ ಅಂತೀನಿ.

ಶಿಡ್ಲಘಟ್ಟದವರು ಹೇಳಿದ್ದು ಸರಿ. ದಾರ ಸುತ್ತಿದ ಚೆಂಡಿನ ಕಾಲದ ಲೆಕ್ಕವೇ ಇದು. ಸುತ್ತು ಎಷ್ಟು ಬಿಗಿ ಅಂತ ನೋಡುತ್ತಿದ್ದರು. ಆ ಚೆಂಡು ಬಂದದ್ದು 1898ರ ಸುಮಾರಿಗೆ, ಅಮೆರಿಕದ ಹ್ಯಾಸ್ಕೆಲ್ ಅನ್ನುವವರಿಂದ.

ಗೌರಿಬಿದನೂರಿನಿಂದ, ಇಂಜಿನಿಯರ್

ಮೂರನೇ ವಾಕ್ಯವನ್ನು ಯಾರೂ ಮುಟ್ಟಿಲ್ಲ. ಡಿಂಪಲ್ ಇರುವುದು ಗಾಳಿಯ ಎಳೆತ ಕಡಿಮೆ ಮಾಡಲು. ಮೇಲ್ಮೈ ಒರಟಾದರೆ ಚೆಂಡಿಗೆ ಅಂಟಿದ ಗಾಳಿಯ ಪದರ ಕಲಕುತ್ತದೆ, ಹಿಂಬದಿಯವರೆಗೂ ಅಂಟಿಕೊಂಡು ಬರುತ್ತದೆ, ಹಿಂದೆ ಏಳುವ ಸುಳಿ ಸಣ್ಣದಾಗುತ್ತದೆ. ಆದರೆ ಇದಕ್ಕೆ ವೇಗ ಬೇಕು. ನಿಧಾನ ಬೀಸುವವರಿಗೆ ಡಿಂಪಲ್ಲಿನಿಂದ ಏನೂ ಉಪಯೋಗ ಇಲ್ಲ. ಆ ಸಾಲನ್ನೇ ತೆಗೆಯಿರಿ.

ಕೆಜಿಎಫ್‌ನಿಂದ

ಸುಳಿಯ ವಿಷಯ ಸರಿ, ವೇಗದ ವಿಷಯ ತಪ್ಪು. ನುಣುಪು ಚೆಂಡಿಗೆ ಹಾಗೆ ಆಗಬೇಕಾದರೆ ಗಂಟೆಗೆ 300 ಕಿ.ಮೀ. ದಾಟಬೇಕು. ಡಿಂಪಲ್ ಇದ್ದರೆ 60–70ಕ್ಕೇ ಶುರುವಾಗುತ್ತದೆ. ತುಮಕೂರಿನ ಸರ್ ಚೆಂಡು 170ರಲ್ಲಿ ಹೊರಡುತ್ತದೆ ಅಂದೆನಲ್ಲ. ಅವರಿಗೂ ಪೂರ್ತಿ ಉಪಯೋಗ ಇದೆ. ನುಣುಪು ಚೆಂಡು ಕೊಟ್ಟು ನೋಡಿ, ಸುಮಾರು ಅರ್ಧ ದೂರಕ್ಕೇ ಬಿದ್ದುಬಿಡುತ್ತದೆ.

ಆದರೂ ‘ಹೆಚ್ಚಿದಷ್ಟೂ ದೂರ’ ಅನ್ನುವುದು ಸುಳ್ಳು. ಸಾಮಾನ್ಯವಾಗಿ 300ರಿಂದ 500 ಇರುತ್ತವೆ. ಎಣಿಕೆಗಿಂತ ಆಳ ಮುಖ್ಯ. ಆಳ ಅಂದರೂ ಕಾಲು ಮಿಲಿಮೀಟರ್ ಅಷ್ಟೇ. ಜಾಸ್ತಿ ಆಳ ಇದ್ದರೆ ಚೆಂಡು ತಗ್ಗಾಗಿ ಹಾರುತ್ತದೆ, ಕಡಿಮೆ ಇದ್ದರೆ ಮೇಲೇಳುತ್ತದೆ. ಅಷ್ಟು ತೆಳು ಅಂದಮೇಲೆ ನಮ್ಮ ಕಡೆಯ ಕೆಂಪು ಮಣ್ಣು ಒಂದು ಬದಿಗೆ ಮೆತ್ತಿಕೊಂಡರೆ ಏನಾಗುತ್ತದೆ ಅಂತ ನೀವೇ ಯೋಚಿಸಿ. ನೆಟ್ಟಗೆ ಹೊಡೆದರೂ ಎತ್ತಲೋ ಹೋಗುತ್ತದೆ. ಆಟದ ಮಧ್ಯೆ ಗ್ರೀನ್ ಮುಟ್ಟುವವರೆಗೆ ಸಾಮಾನ್ಯವಾಗಿ ಚೆಂಡು ಎತ್ತಿ ಒರೆಸುವ ಹಾಗೂ ಇಲ್ಲ. ಬೋರ್ಡಿಗೆ ಒಂದು ಸಾಲು ಜಾಗ ಇದ್ದರೆ “ಪ್ರತಿ ಹೋಲ್ ಶುರುವಿಗೆ ಮುಂಚೆ ಚೆಂಡು ಒರೆಸಿ” ಅಂತ ಹಾಕಿ.

ಚಿಕ್ಕಬಳ್ಳಾಪುರದಿಂದ

ತುಂಬಾ ಥ್ಯಾಂಕ್ಸ್. ಮಾಲೀಕರಿಗೆ ಫೋನ್ ಮಾಡಿ ಒಪ್ಪಿಸಿದ್ದೇನೆ. ಈಗ ಹೀಗಿದೆ:

“ನಿಧಾನ ಬೀಸಿನವರಿಗೆ ಮೆತ್ತನೆ ಚೆಂಡಿನಿಂದ ದೂರದಲ್ಲಿ ನಷ್ಟವಿಲ್ಲ. ಮೇಲೆ ಗಟ್ಟಿ ಸಿಪ್ಪೆ ಇದ್ದರೆ ನೆಟ್ಟಗೆ ಹೋಗುತ್ತದೆ, ಆದರೆ ಗ್ರೀನ್ ಮೇಲೆ ಜಾಸ್ತಿ ಉರುಳುತ್ತದೆ. ಗ್ರೀನ್ ಮೇಲೆ ಬೇಗ ನಿಲ್ಲಬೇಕೆಂದರೆ ಯುರೇಥೇನ್ ಸಿಪ್ಪೆಯ ಚೆಂಡು ಕೇಳಿ. ಗುಳಿಗಳಲ್ಲಿ ಮಣ್ಣು ಇರದಂತೆ ನೋಡಿಕೊಳ್ಳಿ.”

ಡಿಂಪಲ್ಲಿಗೆ ‘ಗುಳಿ’ ಹಾಕಿದ್ದೇನೆ. ಗುಳಿಕೆನ್ನೆ ಎಲ್ಲರಿಗೂ ಗೊತ್ತು.

ಬಾಗೇಪಲ್ಲಿ ಮೇಷ್ಟ್ರು

ಕುಳಿ, ಗುಳಿ ಎರಡೂ ಒಂದೇ ಬೇರಿನವು. ಮೂಲ ರೂಪ ಇರುವಾಗ ಸವೆದ ರೂಪ ಯಾಕೆ? ಮತ್ತೆ ‘ಗ್ರೀನ್’ ಹಾಗೇ ಉಳಿದಿದೆ. ಹಸಿರಂಗಳ ಅನ್ನಲು ನಾಲಿಗೆ ಹೊರಳುವುದಿಲ್ಲವೇ? ಇಪ್ಪತ್ತು ಪದ ಸಾಲ ತಂದರೆ ಬಡ್ಡಿ ಕಟ್ಟುವವರು ಯಾರು?

ಕೋಲಾರದಿಂದ

ಮೇಷ್ಟ್ರೇ, ನೀವು ಹೇಳಿದ ‘ಗಿರಕಿ’ಯನ್ನೂ ಅವರು ತಗೊಂಡಿಲ್ಲ. ಅದಕ್ಕೇ ಕೋಪ ಅಲ್ವಾ?

ಕೆಜಿಎಫ್‌ನಿಂದ

ಹಸಿರಂಗಳ ಅಂದರೆ ಕ್ಯಾಡಿ ಹುಡುಗ ಇಡೀ ಮೈದಾನ ಅಂದುಕೊಳ್ಳುತ್ತಾನೆ. ಅಲ್ಲಿ ಎಲ್ಲಾ ಕಡೆ ಹುಲ್ಲೇ ಇರುವುದು.

ಬಾಗೇಪಲ್ಲಿ ಮೇಷ್ಟ್ರು

ಹಾಗಾದರೆ ಇಂಗ್ಲಿಷಿನವನು ಗ್ರೀನ್ ಅಂದಾಗ ಅವನ ಹುಡುಗರಿಗೆ ಗೊಂದಲ ಆಗಲಿಲ್ಲವೇ? ನಾಳೆ ಹೊಸ ಎಳೆ ಶುರು ಮಾಡುತ್ತೇನೆ.