ಪದಚರ್ಚೆ: ಆಟದ ರೀಪ್ಲೇ ದಾರಿ ತಪ್ಪಿದರೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ,

ನಾವು ಮೂರು ಜನ ಸೇರಿ ಒಂದು ಚಿಕ್ಕ ಕಂಪ್ಯೂಟರ್ ಆಟ ಮಾಡುತ್ತಿದ್ದೇವೆ. ಅಡಿಕೆ ತೋಟದಲ್ಲಿ ಒಬ್ಬ ಹುಡುಗ ಓಡುತ್ತಾನೆ, ಕಲ್ಲಿನ ಕಟ್ಟೆ ಹತ್ತುತ್ತಾನೆ, ಮರದಿಂದ ಇಳಿಯುವ ಮಂಗಗಳಿಂದ ತಪ್ಪಿಸಿಕೊಳ್ಳುತ್ತಾನೆ. ಆಡಿ ಮುಗಿಸಿದ ಮೇಲೆ ಅದನ್ನೇ ಮತ್ತೆ ನೋಡುವ ಸೌಲಭ್ಯ ಇದೆ. ಇದರ ಕೈಪಿಡಿಯನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಒಂದು ಪುಟದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ನಮ್ಮ ರೀಪ್ಲೇ ವಿಡಿಯೊ ಅಲ್ಲ. ಆಡಿದವರು ಯಾವ ಗಳಿಗೆಯಲ್ಲಿ ಯಾವ ಗುಂಡಿ ಒತ್ತಿದರು ಅನ್ನುವುದನ್ನಷ್ಟೇ ಬರೆದಿಡುತ್ತೇವೆ. ಮತ್ತೆ ನೋಡುವಾಗ ಆಟವೇ ಮೊದಲಿಂದ ನಡೆಯುತ್ತದೆ. ಬೆರಳಿನ ಬದಲು ಆ ಪಟ್ಟಿ ಗುಂಡಿ ಒತ್ತುತ್ತದೆ. ತೊಂದರೆ ಆಗುತ್ತಿರುವುದು ಇಲ್ಲೇ. ನನ್ನ ಕಂಪ್ಯೂಟರಿನಲ್ಲಿ ಹುಡುಗ 41ನೇ ಸೆಕೆಂಡಿನಲ್ಲಿ ಕಟ್ಟೆ ಹತ್ತಿದ್ದ. ಗೆಳತಿಯ ಹಳೇ ಲ್ಯಾಪ್‌ಟಾಪಿನಲ್ಲಿ ಅದೇ ಪಟ್ಟಿ ಓಡಿಸಿದರೆ ಕಟ್ಟೆಗೆ ಹಣೆ ಹೊಡೆದುಕೊಂಡು ನಿಂತ. ಮುಂದಿನ ಎರಡು ನಿಮಿಷ ಪೂರ್ತಿ, ಪಾಪ, ಗೋಡೆಗೆ ಮುಖ ಮಾಡಿ ಸುಮ್ನೆ ಜಿಗಿಯುತ್ತಲೇ ಇದ್ದ. ಮಂಗಗಳು ಬೇರೆ ಮರದಿಂದ ಇಳಿದವು.

ಕಾರಣ ಎರಡು. ಮಂಗ ಯಾವ ಮರದಿಂದ ಬರಬೇಕು ಅನ್ನುವುದನ್ನು ಆಟ ಗರ ಹಾಕಿ ತೀರ್ಮಾನಿಸುತ್ತದೆ. ಆ ಗರ ಎಲ್ಲಿಂದ ಶುರುವಾಗಬೇಕು ಅಂತ ನಾವು ಹೇಳಿರಲಿಲ್ಲ. ಎರಡನೆಯದು, ಆಟದ ಒಂದೊಂದು ಹೆಜ್ಜೆಯ ಉದ್ದ ಆಯಾ ಕಂಪ್ಯೂಟರಿನ ವೇಗದ ಮೇಲೆ ಹೋಗುತ್ತಿತ್ತು.

ನನಗೆ ಬೇಕಿರುವ ಪದಗಳು: ರೀಪ್ಲೇ, ಗರ ಎಲ್ಲಿಂದ ಶುರುವಾಗಬೇಕು ಅಂತ ಹೇಳುವ ಅಂಕಿಯಾದ ಸೀಡ್, ಸೀಡ್ ಕೊಡದ, ಮತ್ತು ಈ ದಾರಿ ತಪ್ಪುವುದಕ್ಕೆ ಇಂಗ್ಲಿಷಿನವರು ಹೇಳುವ ಡೀಸಿಂಕ್. ಆಟ ಮಾಡಲು ಕಲಿಯುತ್ತಿರುವ ಪಿಯುಸಿ ಹುಡುಗರು ಓದಿದ ಕೂಡಲೇ ಹಿಡಿಯುವಂಥ ಪದ ಬೇಕು.

ಚೇತನಾ

*

ಚೇತನಾ ಅವರೇ,

ಇದಕ್ಕೆ ಪದ ಹುಡುಕುವುದೇ ಬೇಡ, ನಮ್ಮಲ್ಲಿ ಇದೆ. ತಾಳ ತಪ್ಪುವುದು. ನಾನು ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ಮಾಡುತ್ತೇನೆ. ವಿಡಿಯೊ ಒಬ್ಬರು ತೆಗೆದಿರುತ್ತಾರೆ, ಭಾಗವತರ ಪದ ಇನ್ನೊಬ್ಬರ ಕ್ಯಾಸೆಟ್ಟಿನಲ್ಲಿ ಚೆನ್ನಾಗಿ ಸಿಗುತ್ತದೆ. ಎರಡನ್ನೂ ಕೂಡಿಸಿದರೆ ಮೊದಲ ಹತ್ತು ನಿಮಿಷ ಸರಿ ಇರುತ್ತದೆ. ಗಂಟೆ ಕಳೆಯುವಷ್ಟರಲ್ಲಿ ವೇಷಧಾರಿಯ ಹೆಜ್ಜೆ ಒಂದು ಕಡೆ, ಮದ್ದಳೆಯ ಪೆಟ್ಟು ಇನ್ನೊಂದು ಕಡೆ. ಟೇಪು ಓಡುವ ವೇಗ ಸ್ವಲ್ಪ ಹೆಚ್ಚು ಕಡಿಮೆ ಇರುವುದರಿಂದ ಹೀಗೆ. ಧ್ವನಿಯನ್ನು ಚೂರು ಎಳೆದರೆ ಮತ್ತೆ ಕೂಡುತ್ತದೆ. ನೀವೂ ಹಾಗೆ ಎಳೆದು ನೋಡಿದಿರಾ?

ಗಣಪತಿ, ಹೊನ್ನಾವರ

*

ನಮಸ್ತೆ,

ಸೀಡ್ ಅಂದರೆ ಬೀಜ, ಅದರಲ್ಲಿ ಚರ್ಚೆ ಏನಿದೆ? ಸೀಡ್ ಕೊಡದಿದ್ದರೆ ಬೀಜರಹಿತ. ದ್ರಾಕ್ಷಿಗೆ ಹೇಳುತ್ತೇವಲ್ಲ. ನಮ್ಮ ತಂಗಿ ಹೆಪ್ಪು ಅನ್ನಬಹುದು ಅಂದಳು. ಹಾಲಿಗೆ ಹೆಪ್ಪು ಹಾಕಿದ ಮೇಲೇ ಮೊಸರಾಗುವುದು ಅಲ್ವಾ.

ಇನ್ನು ನಿಮ್ಮ ತೊಂದರೆ. ನಾನೂ ಕಾಲೇಜಿನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಶುರುವಿನಲ್ಲಿ ಒಂದು ಬೀಜ ಕೊಟ್ಟು, ಅದನ್ನೇ ಪಟ್ಟಿಯ ತಲೆಯಲ್ಲಿ ಬರೆದಿಟ್ಟರೆ ಮುಗಿಯಿತು. ಪ್ರತಿ ಸಲ ಅದೇ ಅಂಕಿಗಳು ಅದೇ ಕ್ರಮದಲ್ಲಿ ಬರುತ್ತವೆ. ಹೆಜ್ಜೆಯ ಉದ್ದ ಬೇರೆಯಾದರೂ ವೇಗವನ್ನು ಸಮಯದಿಂದ ಗುಣಿಸಿರುತ್ತೀರಲ್ಲ, ಒಟ್ಟು ದೂರ ಒಂದೇ ಬರುತ್ತದೆ. ಆದ್ದರಿಂದ ಎರಡು ಕಾರಣ ಅಂತ ಬರೆಯುವ ಅಗತ್ಯ ಇಲ್ಲ. ಒಂದೇ ಪದದಲ್ಲಿ ಆಗಿಹೋಗುತ್ತದೆ.

ಪ್ರಶಾಂತ

*

ಪ್ರಿಯರೇ,

ಪ್ರಶಾಂತ ಹೇಳಿದ್ದರಲ್ಲಿ ಬೀಜ ಬರೆದಿಡಬೇಕು ಅನ್ನುವುದು ಸರಿ. ದೂರ ಒಂದೇ ಬರುತ್ತದೆ ಅನ್ನುವುದು ಒಂದೇ ವೇಗದಲ್ಲಿ ನೇರ ಓಡುವಾಗ ಮಾತ್ರ ನಿಜ. ಜಿಗಿಯುವಾಗ ವೇಗವೇ ಬದಲಾಗುತ್ತಿರುತ್ತದೆ. ಹೆಚ್ಚಿನ ಆಟಗಳಲ್ಲಿ ಜಿಗಿತ ಹೀಗಿರುತ್ತದೆ:

```
v -= g * dt
y += v * dt
```

ಇಲ್ಲಿ `dt` ಒಂದು ಹೆಜ್ಜೆಯ ಉದ್ದ. ಹುಡುಗ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಮೇಲಕ್ಕೆ ಚಿಮ್ಮಿದ ಅನ್ನಿ, `g` 10 ಇರಲಿ. ಕಾಗದದ ಮೇಲೆ ಲೆಕ್ಕ ಹಾಕಿದರೆ ಎತ್ತರ 1.80 ಮೀಟರ್. ಸೆಕೆಂಡಿಗೆ 60 ಹೆಜ್ಜೆ ಹಾಕುವ ಕಂಪ್ಯೂಟರಿನಲ್ಲಿ ಈ ಎರಡು ಸಾಲು 1.75 ತನಕ ಮುಟ್ಟಿಸುತ್ತವೆ. 30 ಹೆಜ್ಜೆ ಹಾಕುವ ಕಂಪ್ಯೂಟರಿನಲ್ಲಿ 1.70ಕ್ಕೇ ನಿಲ್ಲುತ್ತವೆ. ಹೆಜ್ಜೆ ದೊಡ್ಡದಾದಷ್ಟೂ ಜಿಗಿತ ಗಿಡ್ಡ. ಚೇತನಾ ಅವರ ಕಟ್ಟೆ ಈ ಎರಡರ ನಡುವೆ ಇದ್ದರೆ, ಉದಾಹರಣೆಗೆ 1.72 ಇದ್ದರೆ, ಒಂದು ಕಡೆ ಹತ್ತುತ್ತಾನೆ, ಇನ್ನೊಂದು ಕಡೆ ಹಣೆ ಹೊಡೆದುಕೊಳ್ಳುತ್ತಾನೆ. ಇದರಲ್ಲಿ ಗರದ ಪಾತ್ರವೇ ಇಲ್ಲ. ಹಾಗಾಗಿ ಎರಡು ಕಾರಣಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು. ಹೆಜ್ಜೆಗೆ ಸಮಹೆಜ್ಜೆ, ಏರುಪೇರು ಹೆಜ್ಜೆ ಅಂತ ನಾನು ಬರೆಯುತ್ತೇನೆ.

ಬೀಜರಹಿತ ಅನ್ನುವ ಪದ ನನಗೆ ಒಪ್ಪಿಗೆ ಇಲ್ಲ. ಅರ್ಥವೇ ತಿರುಗಿ ಬೀಳುತ್ತದೆ. ನಾವು ಬೀಜ ಕೊಡದಿದ್ದಾಗ ಆಟ ಬೀಜ ಇಲ್ಲದೆ ನಡೆಯುವುದಿಲ್ಲ. ಸಾಮಾನ್ಯವಾಗಿ ಗಡಿಯಾರದಿಂದಲೋ ಆಪರೇಟಿಂಗ್ ಸಿಸ್ಟಂನಿಂದಲೋ ತಾನೇ ಒಂದನ್ನು ತೆಗೆದುಕೊಂಡಿರುತ್ತದೆ. ಬೀಜ ಇದೆ, ಆದರೆ ಯಾವುದು ಅಂತ ನಮಗೆ ಗೊತ್ತಿಲ್ಲ, ಬರೆದೂ ಇಟ್ಟಿಲ್ಲ. ಹೊಲದಲ್ಲಿ ಗುರುತು ಹಾಕದ ಚೀಲದಿಂದ ಬಿತ್ತಿದ ಹಾಗೆ. ಬೀಜ ಗೊತ್ತುಮಾಡದ ಅನ್ನುವುದು ಉದ್ದ ಆದರೂ ನಿಜ ಹೇಳುತ್ತದೆ. ಹೆಪ್ಪು ಕೇಳಲು ಚೆಂದ. ಆದರೆ ಅದೇ ಹೆಪ್ಪು ಚಳಿಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ ಮೊಸರು ಕೊಡುತ್ತದೆ. ನಮಗೆ ಬೇಕಿರುವ ಗುಣ ಅದಕ್ಕೆ ಸರಿಯಾಗಿ ಉಲ್ಟಾ.

ಈಗ ಗಣಪತಿಯವರ ತಾಳ ತಪ್ಪುವುದು. ಕ್ಯಾಸೆಟ್ಟಿನಲ್ಲಿ ಎರಡು ದಾಖಲೆಗಳೂ ಒಂದೇ ಪ್ರಸಂಗದವು, ಹೊತ್ತು ಮಾತ್ರ ಸರಿದಿರುತ್ತದೆ. ಎಳೆದರೆ ಕೂಡುತ್ತವೆ. ಹಾಡುವವರು ತಾಳ ತಪ್ಪಿದರೂ ಮುಂದಿನ ಆವರ್ತದಲ್ಲಿ ಹಿಡಿಯಬಹುದು. ಚೇತನಾ ಅವರ ಹುಡುಗನಿಗೆ ಆ ದಾರಿ ಇಲ್ಲ. ಅವನು ಒಮ್ಮೆ ಗೋಡೆಯ ಈಚೆ ಉಳಿದರೆ ಮುಂದಿನದೆಲ್ಲ ಬೇರೆಯದೇ ಆಟ. ಎಷ್ಟು ಎಳೆದರೂ ಕೂಡುವುದಿಲ್ಲ.

ಇದಕ್ಕೆ ನನ್ನ ಮನಸ್ಸಿಗೆ ಬರುವುದು ತಾಳೆ ತಪ್ಪುವುದು. ಅಂಗಡಿಯ ಲೆಕ್ಕ ತಾಳೆಯಾಗಲಿಲ್ಲ ಅನ್ನುತ್ತೇವಲ್ಲ, ಆ ತಾಳೆ. ಈ ದೋಷವನ್ನು ಹುಡುಕುವ ಕೆಲಸವೂ ತಾಳೆ ನೋಡುವ ಕೆಲಸವೇ. ಪ್ರತಿ ಹೆಜ್ಜೆಯಲ್ಲೂ ಹುಡುಗನ ಜಾಗ, ವೇಗ, ಅಲ್ಲಿಯವರೆಗೆ ಬಿದ್ದ ಗರಗಳ ಎಣಿಕೆ, ಇವನ್ನು ಎರಡೂ ಓಟಗಳಲ್ಲಿ ಬರೆಯಿಸಿ. ಮೊದಲ ಬಾರಿ ಎಲ್ಲಿ ತಾಳೆಯಾಗುವುದಿಲ್ಲವೋ ಅಲ್ಲಿ ನೋಡಿ. ಕಣ್ಣಿಗೆ ಬಿದ್ದ ಜಾಗದಲ್ಲಿ ಹುಡುಕಬೇಡಿ. ಅದು ಬಹಳ ತಡವಾಗಿರುತ್ತದೆ.

ಇನ್ನೊಂದು ಮಾತು. 1993ರ ಡೂಮ್ ಆಟ ಇದನ್ನು ಆಗಲೇ ಸರಿಯಾಗಿ ಮಾಡಿತ್ತು. ಸೆಕೆಂಡಿಗೆ 35 ಸಮಹೆಜ್ಜೆ. ಒಬ್ಬ ಆಟಗಾರನಿಗೆ ಹೆಜ್ಜೆಗೆ 4 ಬೈಟ್ ಬರೆದಿಡುತ್ತಿತ್ತು. ಹತ್ತು ನಿಮಿಷದ ಆಟಕ್ಕೆ 84,000 ಬೈಟ್, ಅಷ್ಟೇ. ಗರಕ್ಕೆ 256 ಅಂಕಿಗಳ ಒಂದೇ ಪಟ್ಟಿ, ಆದರೆ ಅದನ್ನು ಓದುವ ಬೆರಳು ಎರಡು. ಆಟದ ಒಳಗಿನ ತೀರ್ಮಾನಕ್ಕೆ `P_Random`, ಪರದೆಯ ಕೆಳಗಿನ ಪಟ್ಟಿಯಲ್ಲಿ ಕಾಣುವ ಮುಖದಂಥ ಹೊರಗಿನ ಸಂಗತಿಗಳಿಗೆ `M_Random`. ಹೊರಗಿನದು ಎಷ್ಟು ಸಲ ಓದಿದರೂ ಒಳಗಿನದರ ಸರದಿ ಕೆಡುವುದಿಲ್ಲ. ಚೇತನಾ, ನಿಮ್ಮಲ್ಲಿ ಬೆರಳು ಒಂದೋ ಎರಡೋ?

ವಿಜಯಾ, ಧಾರವಾಡ

*

ವಿಜಯಾ ಮೇಡಂ, ಎಲ್ಲರಿಗೂ,

ಒಂದೇ ಬೆರಳು! ಮೊದಲು ಬೀಜ ಬರೆದಿಟ್ಟೆವು. ಆಮೇಲೆ ಹೆಜ್ಜೆಯನ್ನು ಸೆಕೆಂಡಿಗೆ 60ಕ್ಕೆ ಕಟ್ಟಿಹಾಕಿದೆವು. ಈಗ ನಿಧಾನದ ಕಂಪ್ಯೂಟರು ಒಂದು ಚಿತ್ರ ಬರೆಯುವಷ್ಟರಲ್ಲಿ ಎರಡು ಹೆಜ್ಜೆ ಹಾಕುತ್ತದೆ:

```
acc += frameTime
while (acc >= STEP) {
    update(STEP)
    acc -= STEP
}
```

ಹುಡುಗ ಎರಡೂ ಕಡೆ ಕಟ್ಟೆ ಹತ್ತಿದ. ನಮ್ಮ ಕಟ್ಟೆ ನಿಜಕ್ಕೂ 1.72 ಇರಲಿಲ್ಲ, 1.73 ಇತ್ತು. ಆದರೆ ಮಂಗಗಳು ಇನ್ನೂ ಬೇರೆ ಮರದಿಂದಲೇ ಬರುತ್ತಿದ್ದವು. ಮೇಡಂ ಹೇಳಿದ ಹಾಗೆ ತಾಳೆ ನೋಡಿದೆವು. ನಾವು 41ನೇ ಸೆಕೆಂಡನ್ನೇ ದಿಟ್ಟಿಸುತ್ತಿದ್ದೆವು. ತಾಳೆ ತಪ್ಪಿದ್ದು 12ನೇ ಸೆಕೆಂಡಿನಲ್ಲಿ, ಹುಡುಗ ಮೊದಲ ಸಲ ಜಿಗಿದು ನೆಲಕ್ಕೆ ಇಳಿದಾಗ. ಕಾಲ ಕೆಳಗೆ ಸ್ವಲ್ಪ ಧೂಳು ಏಳುತ್ತದೆ. ಆ ಧೂಳಿನ ಕಣ ಎತ್ತ ಹಾರಬೇಕು ಅನ್ನುವುದಕ್ಕೆ ಚಿತ್ರಕ್ಕೊಂದು ಗರ ಹಾಕುತ್ತಿದ್ದೆವು. ನನ್ನ ಕಂಪ್ಯೂಟರಿನಲ್ಲಿ ಅಷ್ಟು ಹೊತ್ತಿಗೆ 6 ಚಿತ್ರ, ಲ್ಯಾಪ್‌ಟಾಪಿನಲ್ಲಿ 3. ಧೂಳು ಅಡಗುವಾಗ ಇಲ್ಲಿ 26 ಗರ ಆಗಿದ್ದವು, ಅಲ್ಲಿ 23. ಬೀಜ ಒಂದೇ, ಅಂಕಿಗಳ ಸಾಲೂ ಒಂದೇ, ಆದರೆ ಮಂಗನ ಪಾಲಿಗೆ ಬೇರೆ ಅಂಕಿ ಬಂತು. ಧೂಳಿಗೆ ಬೇರೆ ಬೆರಳು ಕೊಟ್ಟೆವು, ಸರಿಯಾಯಿತು. ಬಹಳ ದಿನದ ಮೇಲೆ ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಪದಗಳ ವಿಷಯ. ರೀಪ್ಲೇಗೆ ಮರುನೋಟ ಅಂತ ಬರೆದುಕೊಂಡಿದ್ದೆ, ಈಗ ಹೊಡೆದುಹಾಕಿದೆ. ಇಲ್ಲಿ ನೋಡುವುದಲ್ಲ, ಆಟವೇ ಮತ್ತೆ ನಡೆಯುವುದು. ಪೇಪರಿನವರು ಮರುಎಣಿಕೆ ಅಂತ ಬರೆಯುವ ಹಾಗೆ ಮರುಆಟ ಅಂತ ಬರೆಯುತ್ತೇನೆ. ಬೀಜ, ಗರ, ಸಮಹೆಜ್ಜೆ ಉಳಿಯುತ್ತವೆ. ಕೈಪಿಡಿಯ ಸಾಲು ಈಗ ಹೀಗಿದೆ: "ಬೀಜ ಗೊತ್ತುಮಾಡದೆ ಗರ ಹಾಕಿದರೆ, ಇಲ್ಲವೇ ಹೆಜ್ಜೆ ಏರುಪೇರಾದರೆ, ಮರುಆಟ ಮೊದಲಿನ ಆಟಕ್ಕೆ ತಾಳೆ ತಪ್ಪುತ್ತದೆ." ಪಕ್ಕದ ಮನೆಯ ಪಿಯುಸಿ ಹುಡುಗನಿಗೆ ಓದಲು ಕೊಟ್ಟೆ. ಗರ ಅವನಿಗೆ ಚೌಕಾಬಾರದಿಂದ ಗೊತ್ತಿತ್ತು. ತಾಳೆ ಅಂದರೆ ತಾಳೆಗರಿಯಾ ಅಂತ ಕೇಳಿದ. ಲೆಕ್ಕದ ತಾಳೆ ಅಂದ ಮೇಲೆ ಹಿಡಿದ.

ಚೇತನಾ

*

ಚೇತನಾ ಅವರೇ,

ನಾನು ಕ್ಯಾಸೆಟ್ಟಿನ ಕಥೆ ಹೇಳಿದ್ದು ನಿಮ್ಮ ಪ್ರಶ್ನೆಗೆ ಪೂರ್ತಿ ಹೊಂದಲಿಲ್ಲ ಅಂತ ಈಗ ತಿಳಿಯಿತು. ಆದರೂ ಆ ಹುಡುಗ ಕೇಳಿದ ಪ್ರಶ್ನೆ ನೋಡಿ. ತಾಳೆ ಅಂದರೆ ಕರಾವಳಿಯಲ್ಲಿ ನಮಗೂ ಮರವೇ ಮೊದಲು ನೆನಪಾಗುವುದು. ನಿಧಾನಕ್ಕೆ ಸರಿಯುವುದಕ್ಕೆ ತಾಳ ತಪ್ಪು, ಬೇರೆಯೇ ಆಗಿಹೋಗುವುದಕ್ಕೆ ಕವಲೊಡೆ ಅಂದರೆ ಹೇಗೆ? ದಾರಿ ಕವಲೊಡೆದ ಮೇಲೆ ಕೂಡುವುದಿಲ್ಲ ಅನ್ನುವ ಮೇಡಂ ಮಾತೂ ಅದರಲ್ಲಿ ಬರುತ್ತದೆ.

ಗಣಪತಿ

*

ಗಣಪತಿಯವರೇ, ಕವಲೊಡೆ ಚೆನ್ನಾಗಿದೆ. ಆದರೆ ಕಥೆಯಲ್ಲಿ ಬೇಕೆಂದೇ ಎರಡು ದಾರಿ ಇಟ್ಟ ಆಟಗಳಿಗೆ ಅದೇ ಪದ ಬೇಕಾಗುತ್ತದೆ. ತಪ್ಪು ಅನ್ನುವ ಭಾವ ಅದರಲ್ಲಿ ಸಿಗುವುದಿಲ್ಲ. ನಾನು ತಾಳೆಯ ಕಡೆಗೇ ಇದ್ದೇನೆ, ಹಟ ಇಲ್ಲ.

ಚೇತನಾ, ಕೈಪಿಡಿಯಲ್ಲಿ ಒಂದು ಸಾಲು ಸೇರಿಸಿ. ಬೀಜವೂ ಸಮಹೆಜ್ಜೆಯೂ ಸರಿ ಇದ್ದರೂ, ಕಂಪೈಲರ್ ಬೇರೆ ಆದರೆ ಅಥವಾ ಫೋನ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಆದರೆ, ದಶಮಾಂಶದ ಲೆಕ್ಕದಲ್ಲಿ ಕೊನೆಯ ಅಂಕಿ ವ್ಯತ್ಯಾಸ ಆಗಬಹುದು. `sin`ನಂಥವುಗಳಲ್ಲಿ ಜಾಸ್ತಿ. ಆಟದ ಆವೃತ್ತಿ ಬದಲಾದರೂ ಹಳೆಯ ಮರುಆಟ ನಡೆಯುವುದಿಲ್ಲ, ಹಾಗಾಗಿ ಪಟ್ಟಿಯ ತಲೆಯಲ್ಲಿ ಬೀಜದ ಜೊತೆ ಆವೃತ್ತಿಯನ್ನೂ ಬರೆಯಿರಿ.

ಒಂದು ಪದ ಇನ್ನೂ ಬಾಕಿ ಇದೆ. ಅದೇ ಬೀಜ, ಅದೇ ಗುಂಡಿಗಳು ಕೊಟ್ಟರೆ ಅದೇ ಫಲ ಬಂದೇ ಬರುವ ಆಟಕ್ಕೆ ಇಂಗ್ಲಿಷಿನಲ್ಲಿ ಡಿಟರ್ಮಿನಿಸ್ಟಿಕ್ ಅನ್ನುತ್ತಾರೆ. ನಿಯತ ಅಂದರೆ ಪ್ರತಿದಿನ ನಡೆಯುವುದು ಅನ್ನಿಸುತ್ತದೆ, ನಿಶ್ಚಿತ ಅಂದರೆ ಮದುವೆ ನೆನಪಾಗುತ್ತದೆ. ನಾನು ಒಂದೇಫಲದ ಅಂತ ಬರೆದು ನೋಡಿದೆ, ನನಗೇ ಹಿಡಿಸಲಿಲ್ಲ. ಯಾರಿಗಾದರೂ ಹೊಳೆಯುತ್ತದೆಯೇ?

ವಿಜಯಾ